ಅಜ್ಜಿ ಹೇಳಿ ಬರೆಸಿದ ಪತ್ರವನ್ನು ಎಷ್ಟು ತಿದ್ದಬೇಕು?

ಪ್ರಶ್ನೆ: ನಮ್ಮ ಅಜ್ಜಿ, ತಮಗೆ ಸಹಾಯ ಮಾಡಿದವರೊಬ್ಬರಿಗೆ ಎರಡು ಮಾತು ಬರೆದುಕೊಡು ಅಂತಾರೆ. ಅವರು ಹೇಳ್ತಾರೆ, ನಾನು ಬರೀತೀನಿ. ತಿದ್ದಿದ ಮೇಲೆ ಓದಿದ್ರೆ ಅಜ್ಜಿ ಮಾತು ಅನಿಸೋದೇ ಇಲ್ಲ, ಸೊಸೈಟಿ ನೋಟಿಸ್ ಥರ ಇರುತ್ತೆ. ಏನು ಮಾಡ್ಲಿ?

ಉತ್ತರ: ಹೇಳುವಾಗಲೇ ತಿದ್ದಬೇಡಿ. ಅವರನ್ನು ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಕೂತು, ಬಿಟ್ಟ ಮಾತು, ತೊದಲಿದ ಮಾತು ಎಲ್ಲಾ ಸೇರಿಸಿ ಇದ್ದ ಹಾಗೇ ಬರೆದುಕೊಳ್ಳಿ. ಕೇಳುತ್ತಾ ಬರೆದರೆ ನಮ್ಮ ಕೈ ನಮಗೇ ಗೊತ್ತಾಗದಂತೆ "ಮೋಟ್ರು ಹಾಕ್ದೆ" ಅನ್ನೋದನ್ನು "ನೀರು ಹಾಯಿಸಿದಿರಿ" ಮಾಡಿಬಿಡುತ್ತದೆ.

ನಮ್ಮದು ಹೊಳಲ್ಕೆರೆ ಕಡೆ. ತಾತ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ತೋಟದ ಹುಡುಗ ನಮ್ಮ ಅಡಿಕೆ ಗಿಡ ಕಾಪಾಡಿದ್ದ. ಅವನಿಗೆ ತಾತ ಹೇಳಿ ಬರೆಸಿದ್ದರಲ್ಲಿ ಒಂದು ತುಂಡು ಹೀಗಿತ್ತು:

"ನಾನು ಆಸ್ಪತ್ರೆ ಸೇರಿದ್ನಲ್ಲ, ಅದೇ ಉಗಾದಿ ಮುಂದೆ, ಕರೆಂಟು ರಾತ್ರಿ ಕೊಡ್ತಿದ್ರು ನೋಡು, ನೀನು ಎದ್ದು ಹೋಗಿ ಮೋಟ್ರು ಹಾಕ್ದೆ. ರಾತ್ರಿ ಎದ್ದು ಹೋಗಿ ಹಾಕ್ದೆ. ನನ್ ಮಕ್ಳು ಬೆಂಗ್ಳೂರಾಗೆ ಅದಾರೆ, ಅವ್ರೇನ್ ಮಾಡ್ತಾರೆ. ಒಂದ್ ಗಿಡ ಒಣಗಲಿಲ್ಲ ಕಣಪ್ಪ. ಒಂದ್ ಗಿಡ. ನಿಮ್ಮಪ್ಪನೂ ಹಿಂಗೇ ಇದ್ದ."

ಇದನ್ನು "ನನ್ನ ಅನಾರೋಗ್ಯದ ಸಂದರ್ಭದಲ್ಲಿ ತೋಟಕ್ಕೆ ನೀರುಣಿಸಿ ಸಹಕರಿಸಿದ ತಮಗೆ ಹೃತ್ಪೂರ್ವಕ ಧನ್ಯವಾದಗಳು" ಅಂತ ಮಾಡಿದರೆ ಕನ್ನಡದಲ್ಲಿ ತಪ್ಪೇನಿಲ್ಲ. ಆದರೆ ರಾತ್ರಿ ಹೋಯ್ತು, ಮೋಟ್ರು ಹೋಯ್ತು, ಒಣಗದ ಗಿಡ ಹೋಯ್ತು. ನಿದ್ದೆಗೆಟ್ಟು ತೋಟಕ್ಕೆ ಹೋದ ಹುಡುಗನಿಗೆ ತಾತ ಅದನ್ನು ನೆನಪಿಟ್ಟಿದ್ದಾರೆ ಅಂತ ಗೊತ್ತಾಗೋದು ಆ ಮೂರರಿಂದಲೇ. "ನೀನು" ಅನ್ನೋದನ್ನು "ತಮಗೆ" ಮಾಡಿದ್ದಂತೂ ಇನ್ನೂ ಕೆಟ್ಟದ್ದು, ಹುಟ್ಟಿದಾಗಿಂದ ನೋಡಿದ ಹುಡುಗನನ್ನು ದೂರ ಕೂರಿಸಿದ ಹಾಗೆ.

ಹಿರಿಯರು ಹೇಳಿದ್ದನ್ನೇ ಹೇಳ್ತಾರೆ, ಅಲ್ವಾ? ಅದರಲ್ಲಿ ಎರಡು ಥರ ಇದೆ. "ರಾತ್ರಿ ಎದ್ದು ಹೋಗಿ" ಅಂತ ಎರಡನೇ ಸಲ ಹೇಳುವಾಗ "ಎದ್ದು ಹೋಗಿ" ಅನ್ನೋದಕ್ಕೆ "ರಾತ್ರಿ" ಹೊಸದಾಗಿ ಸೇರಿದೆ, ದನಿಯೂ ಅಲ್ಲಿ ಏರಿದೆ. ಅದು ಒತ್ತಿ ಹೇಳಿದ್ದು, ಇರಲಿ. ಸ್ವಲ್ಪ ಹೊತ್ತು ಬಿಟ್ಟು ಅದೇ ಕಥೆಯನ್ನು ಮೊದಲಿಂದ ಶುರು ಮಾಡಿದರೆ ಅದು ಮರೆವು. ಆ ಕಥೆ ಎರಡು ಸಲ ಹೇಳಿದ್ದರಲ್ಲಿ ವಿವರ ಜಾಸ್ತಿ ಇರೋದನ್ನು ಇಟ್ಟು ಇನ್ನೊಂದನ್ನು ತೆಗೆಯಿರಿ. ರೆಕಾರ್ಡ್ ಕೇಳಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ, ಹಾಳೆ ನೋಡಿದರೆ ಗೊತ್ತಾಗಲ್ಲ.

ಇನ್ನು ಕೆಲವನ್ನು ನೀವೇ ತೀರ್ಮಾನ ಮಾಡಬಾರದು. ತಾತ ಪೈಪಿನ ದುಡ್ಡು ಕೊಡೋದು ಬಾಕಿ ಇದೆ ಅಂತ ಎರಡು ಸಲ ಹೇಳಿದ್ದರು, ಎರಡು ಸಲವೂ ಬೇರೆ ಬೇರೆ ಮೊತ್ತ. ದುಡ್ಡಿನ ಮಾತು ಬರಹದಲ್ಲಿ ಬಂದರೆ ನಾಳೆ ಅದೇ ಲೆಕ್ಕ ಆಗುತ್ತದೆ, ಹಾಗಾಗಿ ಕೇಳಿದೆ. "ಅದು ನಾನೇ ಮಾತಾಡ್ತೀನಿ, ಬಿಡು" ಅಂದರು. ಮಕ್ಕಳ ಮಾತನ್ನೂ ಓದಿ ಹೇಳಿದೆ. ಸ್ವಲ್ಪ ಯೋಚನೆ ಮಾಡಿ "ತೆಗಿ, ನಿಮ್ಮಪ್ಪ ಬೇಜಾರ್ ಮಾಡ್ಕೋತಾನೆ" ಅಂದರು.

ಆಡುಮಾತನ್ನು ಎಷ್ಟು ಉಳಿಸಬೇಕು ಅನ್ನೋದೇ ಕಷ್ಟದ ಭಾಗ. ಉಚ್ಚಾರ ಇದ್ದ ಹಾಗೇ ಪೂರ್ತಿ ಬರೆದರೆ ಓದಲು ತಡವರಿಸಬೇಕು, ಜೊತೆಗೆ ತಾತನನ್ನು ಅಣಕಿಸಿದ ಹಾಗೂ ಕಾಣುತ್ತದೆ. ನಾನು ಮಾಡೋದು ಇಷ್ಟೇ: ಸಾಮಾನ್ಯ ಪದಗಳ ಕಾಗುಣಿತ ಸರಿ ಮಾಡ್ತೀನಿ ("ಒಂದ್" ಇದ್ದದ್ದು "ಒಂದು"), ಅವರದ್ದೇ ಅನಿಸುವ ಕಣಪ್ಪ, ಹಿಂಗೇ, ಮೋಟ್ರು ಮುಟ್ಟಲ್ಲ. ವಾಕ್ಯದ ಕ್ರಮವನ್ನೂ ಆದಷ್ಟು ಇದ್ದ ಹಾಗೇ ಬಿಡ್ತೀನಿ. "ಉಗಾದಿ ಮುಂದೆ" ಅನ್ನೋದನ್ನು ತಾರೀಖು ಮಾಡಬೇಡಿ, ಓದುವವನಿಗೂ ಅದು ಗೊತ್ತು. ಕೊನೆಗೆ ಹೀಗಾಯ್ತು:

"ಉಗಾದಿ ಮುಂದೆ ನಾನು ಆಸ್ಪತ್ರೆ ಸೇರಿದಾಗ ಕರೆಂಟು ರಾತ್ರಿ ಕೊಡ್ತಿದ್ರು ನೋಡು, ನೀನು ಎದ್ದು ಹೋಗಿ ಮೋಟ್ರು ಹಾಕಿದೆ. ರಾತ್ರಿ ಎದ್ದು ಹೋಗಿ ಹಾಕಿದೆ. ಒಂದು ಗಿಡ ಒಣಗಲಿಲ್ಲ ಕಣಪ್ಪ. ಒಂದು ಗಿಡ. ನಿಮ್ಮಪ್ಪನೂ ಹಿಂಗೇ ಇದ್ದ."

ಹಾಗಂತ ಗ್ರಂಥದ ಮಾತೆಲ್ಲಾ ತೆಗೆಯಬೇಕು ಅಂತಲ್ಲ. ಪತ್ರದ ಶುರುವಿಗೆ ತಾತ ತಾವಾಗಿಯೇ "ಚಿರಂಜೀವಿಗೆ ಮಾಡುವ ಆಶೀರ್ವಾದಗಳು, ಉಭಯ ಕುಶಲೋಪರಿ ಸಾಂಪ್ರತ" ಅಂದರು. ಕಾಗದ ಬರೆಯುತ್ತಿದ್ದ ಕಾಲದವರಿಗೆ ಅದು ಬಾಯಿಗೆ ಬಂದ ಮಾತು, ನಾವು ಹಾಕಿದ್ದಲ್ಲ. ಅದಾದ ಮೇಲೆ ಮೋಟ್ರು ಬಂದರೆ ವಿಚಿತ್ರ ಅನಿಸಬಹುದು, ಬರಲಿ ಬಿಡಿ.

ಮುಗಿದ ಮೇಲೆ ಗಟ್ಟಿಯಾಗಿ, ನಿಧಾನವಾಗಿ ಓದಿ ಹೇಳಿ. "ಚೆನ್ನಾಗೈತೆ" ಅಂದರೆ ಅಷ್ಟಕ್ಕೇ ನಂಬಬೇಡಿ, ಮೊಮ್ಮಕ್ಕಳು ಬರೆದಿದ್ದಕ್ಕೆ ಎಲ್ಲರೂ ಹಾಗೇ ಅಂತಾರೆ. ನೀವು ಓದುವಾಗ ಮುಂದಿನ ಮಾತನ್ನು ಅವರೇ ಮೊದಲು ಹೇಳ್ತಿದ್ದರೆ ಸರಿ ಇದೆ. ಸುಮ್ನೆ ತಲೆ ಆಡಿಸಿದ ಕಡೆ ಗುರುತು ಹಾಕಿಕೊಂಡು ರೆಕಾರ್ಡಿನಲ್ಲಿ ಆ ಜಾಗ ಮತ್ತೆ ಕೇಳಿ. ಜಾಸ್ತಿ ಸಲ ಅಲ್ಲಿ ಸಿಗೋದು ನಿಮ್ಮ ಪದ.