ಗ್ಯಾಸ್ ಮಾತ್ರೆಯ ಹಿಂಬದಿ ಓದಿದಿರಾ?

"ಸರ್, ನನಗೆ 26 ವರ್ಷ. ಮದುವೆಯಾಗಿ ಏಳು ತಿಂಗಳಾಯ್ತು. ಮೊದಮೊದಲು ಎಲ್ಲಾ ಸರಿ ಇತ್ತು. ನಾಲ್ಕು ತಿಂಗಳಿಂದ ಬರಬರುತ್ತಾ ನಿಮಿರುವಿಕೆಯೇ ಸರಿಯಾಗಿ ಆಗುತ್ತಿಲ್ಲ. ಬೆಳಿಗ್ಗೆ ಏಳುವಾಗಲೂ ಇಲ್ಲ. ಆಸೆಯೂ ಕಮ್ಮಿ. ಡಾಕ್ಟರು ಟೆನ್ಷನ್, ಆರಾಮಾಗಿರಿ ಎಂದು ಕಳಿಸಿದರು. ಗ್ಯಾಸ್ಟ್ರಿಕ್‌ಗೆ ದಿನಾ ಒಂದು ಮಾತ್ರೆ ತಗೊಳ್ತೀನಿ, ಅದು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. ಇದು ಟೆನ್ಷನ್ನೇನಾ?"
– ಹೆಸರು ಬೇಡ, ದಾವಣಗೆರೆ

ಇಪ್ಪತ್ತರ ಹರೆಯದಲ್ಲಿ ಆತಂಕದಿಂದ ಹೀಗಾಗುವುದು ಉಂಟು, ಜಾಸ್ತಿಯೇ ಉಂಟು. ಆದರೆ ಆತಂಕದ ತೊಂದರೆಗೆ ಅದರದೇ ಲಕ್ಷಣ ಇರುತ್ತದೆ. ಅದು ಸಾಮಾನ್ಯವಾಗಿ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಹೆಂಡತಿಯ ಜೊತೆ ಆಗುವುದಿಲ್ಲ, ಒಬ್ಬರೇ ಇದ್ದಾಗ ಆಗುತ್ತದೆ. ಬೆಳಗಿನ ಜಾವ ತಾನಾಗಿ ಆಗುವುದು ನಿಲ್ಲುವುದಿಲ್ಲ. ನಿಮ್ಮದು ನಿಧಾನವಾಗಿ ಬಂದಿದೆ, ಬೆಳಗಿನದೂ ಹೋಗಿದೆ, ಆಸೆಯೂ ಹೋಗಿದೆ. ಇಷ್ಟು ಕೇಳಿದ ಮೇಲೂ ಒಂದು ರಕ್ತ ಪರೀಕ್ಷೆ ಬರೆಯದೆ ಕಳಿಸಿದ್ದು ನನಗೆ ಸರಿ ಕಾಣಲಿಲ್ಲ.

ಇನ್ನು ನಿಮ್ಮನ್ನೂ ಸ್ವಲ್ಪ ಬೈಯಬೇಕು. ಗ್ಯಾಸ್ ಮಾತ್ರೆಯನ್ನು ಲೆಕ್ಕಕ್ಕೇ ಇಲ್ಲದಂತೆ ಬರೆದಿದ್ದೀರಿ. ಅದರ ಸ್ಟ್ರಿಪ್ ತಿರುಗಿಸಿ, ಸಣ್ಣ ಅಕ್ಷರ ಓದಿ. ಪ್ಯಾಂಟೊಪ್ರಜೋಲ್ ಅಥವಾ ರಾಬಿಪ್ರಜೋಲ್ ಎಂದಷ್ಟೇ ಇದ್ದರೆ ನನ್ನ ಅನುಮಾನ ಬಹುಮಟ್ಟಿಗೆ ತಪ್ಪು. ಜೊತೆಗೆ ಲೆವೊಸಲ್ಪಿರೈಡ್ ಅಥವಾ ಡಾಂಪೆರಿಡೋನ್ ಎಂದಿದ್ದರೆ ಮುಂದಿನದನ್ನು ಗಮನವಿಟ್ಟು ಓದಿ.

ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿ ಇದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಬಾಣಂತಿಯರಲ್ಲಿ ಹಾಲು ಬರಿಸುವುದು ಅದೇ. ಗಂಡಸರಲ್ಲೂ ಸ್ವಲ್ಪ ಇರುತ್ತದೆ. ಅದು ಏರದಂತೆ ಹಿಡಿದಿಡುವುದು ಡೋಪಮಿನ್. ಈ ಎರಡು ಔಷಧಿಗಳು ಹೊಟ್ಟೆಯನ್ನು ಚುರುಕು ಮಾಡುವುದೇ ಡೋಪಮಿನ್‌ಗೆ ಅಡ್ಡ ನಿಂತು. ಪಿಟ್ಯುಟರಿಯಲ್ಲೂ ಅಡ್ಡ ನಿಲ್ಲುತ್ತವೆ, ಪ್ರೊಲ್ಯಾಕ್ಟಿನ್ ಏರುತ್ತದೆ. ಅದು ಏರಿದರೆ ಬೀಜಗಳಿಗೆ ಹೋಗುವ ಆಜ್ಞೆ ಕುಗ್ಗಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಮೊದಲು ಆಸೆ ಹೋಗುತ್ತದೆ, ಹಿಂದೆಯೇ ನಿಮಿರುವಿಕೆ.

ನನ್ನ ಸ್ನೇಹಿತರೊಬ್ಬರ ಮಗನಿಗೆ ಹೀಗೇ ಆಗಿತ್ತು. ಬೆಂಗಳೂರಿನಲ್ಲಿ ರಾತ್ರಿ ಪಾಳಿಯ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಊಟ. ಯಾರೋ ಹತ್ತು ದಿನಕ್ಕೆ ಬರೆದುಕೊಟ್ಟ ಲೆವೊಸಲ್ಪಿರೈಡ್ ಇದ್ದ ಕ್ಯಾಪ್ಸೂಲನ್ನು ಹುಡುಗ ಒಂದು ವರ್ಷ ನುಂಗಿದ್ದ. ಇಬ್ಬರು ಡಾಕ್ಟರು ಟೆನ್ಷನ್ ಎಂದರು. ಮೂರನೆಯವರು ಒಬ್ಬ ಹಾರ್ಮೋನ್ ತಜ್ಞೆ. ಏನೇನು ಮಾತ್ರೆ ತಗೊಳ್ತೀಯಪ್ಪಾ, ಎಲ್ಲಾ ಮೇಜಿನ ಮೇಲೆ ಇಡು ಎಂದರಂತೆ. ಪ್ರೊಲ್ಯಾಕ್ಟಿನ್ 84 ಬಂತು. ಗಂಡಸರಲ್ಲಿ ಅದು 20ರ ಒಳಗಿರಬೇಕು. ಟೆಸ್ಟೊಸ್ಟೆರಾನ್ 190, 300ಕ್ಕಿಂತ ಕೆಳಗಿದ್ದರೆ ಕಮ್ಮಿ ಎಂದೇ ಲೆಕ್ಕ. ಆಕೆ ಕ್ಯಾಪ್ಸೂಲ್ ನಿಲ್ಲಿಸಿ, ಮೂರು ದಿನ ಬಿಟ್ಟು ಮತ್ತೆ ರಕ್ತ ತೆಗೆಸಿದರು. ಪ್ರೊಲ್ಯಾಕ್ಟಿನ್ 16ಕ್ಕೆ ಇಳಿದಿತ್ತು. ಹುಡುಗ ಮೊದಲಿನಂತಾಗಲು ಒಂದೂವರೆ ತಿಂಗಳು ಹಿಡಿಯಿತು.

ಇಳಿಯದೇ ಇದ್ದಿದ್ದರೆ ಪಿಟ್ಯುಟರಿಯ ಎಂಆರ್‌ಐ ಮಾಡಿಸುತ್ತಿದ್ದರು. ಅಲ್ಲೇ ಸಣ್ಣ ಗಡ್ಡೆ ಬೆಳೆದು ಪ್ರೊಲ್ಯಾಕ್ಟಿನ್ ಏರುವುದೂ ಉಂಟು. ಸಂಖ್ಯೆ 200 ದಾಟಿದರೆ ಆ ಅನುಮಾನ ಬಲವಾಗುತ್ತದೆ. ಬಿಡದ ತಲೆನೋವು, ಅಕ್ಕಪಕ್ಕದ ನೋಟ ಮಂಕಾಗುವುದು ಅದರ ಸೂಚನೆ. ಕ್ಯಾನ್ಸರ್ ಎಂದು ಹೆದರಬೇಡಿ. ಹೆಚ್ಚಿನವು ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತವೆ, ಅದನ್ನು ವಾರಕ್ಕೆ ಒಂದೆರಡು ಸಲ ತಗೊಂಡರೆ ಸಾಕು.

ಪರೀಕ್ಷೆಗೆ ಬೆಳಿಗ್ಗೆ ಬೇಗ, ಖಾಲಿ ಹೊಟ್ಟೆಯಲ್ಲಿ ಹೋಗಿ. ಟೆಸ್ಟೊಸ್ಟೆರಾನ್ ಸಂಜೆಗೆ ಇಳಿದಿರುತ್ತದೆ. ಕಮ್ಮಿ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಸೂಜಿಯ ಹೆದರಿಕೆಗೂ ಪ್ರೊಲ್ಯಾಕ್ಟಿನ್ ಕೊಂಚ ಏರುತ್ತದೆ, 25, 30 ಬಂದರೆ ಗಾಬರಿಯಾಗದೆ ಇನ್ನೊಮ್ಮೆ ಮಾಡಿಸಿ. ಅದೇ ರಕ್ತದಲ್ಲಿ ಶುಗರ್ ಮತ್ತು ಥೈರಾಯ್ಡ್ ಕೂಡ ನೋಡಲು ಹೇಳಿ. ನಮ್ಮಲ್ಲಿ ಈಗ ಇಪ್ಪತ್ತೆಂಟಕ್ಕೇ ಸಕ್ಕರೆ ಕಾಯಿಲೆ ಬರುತ್ತಿದೆ. ಇನ್ನೊಂದು ಮಾತು: ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ಮಾತ್ರ ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬಾರದು.

ನನಗೆ ಸಿಟ್ಟು ಬರುವುದು ಇಲ್ಲೇ. ಮೆಡಿಕಲ್ ಶಾಪಿನಲ್ಲಿ "ಗ್ಯಾಸಿಗೆ ಒಂದು ಮಾತ್ರೆ ಕೊಡಿ" ಎಂದರೆ ಸಾಕು, ಚೀಟಿ ಕೇಳುವವರೇ ಇಲ್ಲ. ಎಷ್ಟು ದಿನ ತಗೊಳ್ತಿದ್ದೀರಿ ಎಂದೂ ಕೇಳುವುದಿಲ್ಲ. ಅದರಿಂದ ಶಕ್ತಿ ಕುಂದಿದ ಹುಡುಗ ನಾಚಿಕೆಯಿಂದ ಬಸ್ ಸ್ಟ್ಯಾಂಡಿನ ಗೋಡೆಯ "ಗುಪ್ತ ಸಮಸ್ಯೆಗೆ ಶಾಶ್ವತ ಪರಿಹಾರ" ನಂಬಿ ಲಾಡ್ಜಿನ ರೂಮಿಗೆ ಹೋಗುತ್ತಾನೆ. ಅಲ್ಲಿ ಸಾವಿರಗಟ್ಟಲೆ ಸುಲಿಗೆಯಾಗುತ್ತದೆ. ಕೊಟ್ಟ ಪುಡಿಯಲ್ಲಿ ಏನಿದೆ ಎಂದು ಕೇಳುವ ಧೈರ್ಯ ಅವನಿಗಿಲ್ಲ. ಮನೆಯವರೋ, ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ ಎನ್ನುತ್ತಾರೆ. ಇಷ್ಟೆಲ್ಲ ನಡೆಯುವಾಗ ರಾತ್ರಿ ಊಟವಾದ ಮೇಲೆ ಅದೇ ಕ್ಯಾಪ್ಸೂಲ್ ಹೊಟ್ಟೆಗೆ ಹೋಗುತ್ತಲೇ ಇರುತ್ತದೆ.