ಫೋಟೊ ಸುತ್ತಳತೆ 5 ಅಡಿ, ಬಿಲ್ಲಿನಲ್ಲಿ ಏಳೂವರೆ ಅಡಿ: ಇದು ಮೋಸಾನಾ?

ಪ್ರಶ್ನೆ: ಸರ್, ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪ್ ಫೋಟೊಗೆ ಫ್ರೇಮ್ ಹಾಕಿಸಲು ಕೊಟ್ಟಿದ್ದೇನೆ. ಫೋಟೊ ಸೈಜು 12×18 ಇಂಚು, 40 ಜನ ಇದ್ದೇವೆ, ಕೆಳಗೆ ಎಲ್ಲರ ಹೆಸರು ಪ್ರಿಂಟ್ ಆಗಿದೆ. ಫ್ರೇಮಿಗೆ ಒಂದೂವರೆ ಇಂಚಿನ ಮೋಲ್ಡಿಂಗ್ ಪಟ್ಟಿ ಆರಿಸಿದೆ, ಅಡಿಗೆ 40 ರೂಪಾಯಿ. ಗಾಜು ಚದರಡಿಗೆ 45. ನನ್ನ ಲೆಕ್ಕದಲ್ಲಿ ಸುತ್ತಳತೆ 5 ಅಡಿ, ಅಂದರೆ ಮೋಲ್ಡಿಂಗಿಗೆ 200, ಗಾಜಿಗೆ 68 ಆಗಬೇಕು. ಅಂಗಡಿಯವರು ಮೋಲ್ಡಿಂಗ್ 300, ಗಾಜು 135, ಮೌಂಟ್ ಬೋರ್ಡ್ 150, ಹಿಂದಿನ ಹಾರ್ಡ್‌ಬೋರ್ಡ್ 60, ಕೂಲಿ ಮತ್ತು ಕೊಂಡಿ 120, ಒಟ್ಟು 765 ಬರೆದಿದ್ದಾರೆ. ಗಾಜಿಗೆ ಡಬಲ್ ಹಾಕಿದ್ದಾರಲ್ವಾ? ಇನ್ನೂ ಹತ್ತು ಗೆಳೆಯರು ಮಾಡಿಸೋರಿದ್ದಾರೆ, ಸರಿಯಾಗಿ ತಿಳಿಸಿ.

ಉತ್ತರ: ಬಿಲ್ ಸರಿಯಾಗಿದೆ. ನೀವು ಅಳೆದಿದ್ದು ಫೋಟೊ, ಅಂಗಡಿಯವರು ಅಳೆದಿದ್ದು ಫ್ರೇಮ್. ವ್ಯತ್ಯಾಸ ಪೂರ್ತಿ ಅಲ್ಲೇ ಇದೆ.

ಮೊದಲು ಸೈಜು ಹೇಗೆ ಬೆಳೆಯುತ್ತೆ ನೋಡಿ. ಮೌಂಟ್ ಬೋರ್ಡ್ ಅಂದರೆ ಫೋಟೊ ಸುತ್ತ ಕಾಣುವ ಆ ದಪ್ಪ ರಟ್ಟಿನ ಅಂಚು. ಬಿಲ್ ನೋಡಿದರೆ ನಿಮಗೆ ಎಲ್ಲಾ ಕಡೆ 2 ಇಂಚಿನ ಅಂಚು ಹಾಕಿದ್ದಾರೆ. 18ಕ್ಕೆ ಎಡ 2, ಬಲ 2 ಸೇರಿ 22. 12ಕ್ಕೆ ಮೇಲೆ ಕೆಳಗೆ ಸೇರಿ 16. ಇನ್ನು ಮುಂದೆ 12×18 ಅನ್ನೋದನ್ನ ಮರೆತುಬಿಡಿ. ಗಾಜು, ಬೋರ್ಡ್, ಹಾರ್ಡ್‌ಬೋರ್ಡ್ ಮೂರಕ್ಕೂ ಅಳತೆ 16×22 ಮಾತ್ರ.

ಮೋಲ್ಡಿಂಗಿನ ಲೆಕ್ಕ ಇಲ್ಲಿಂದ ಶುರು. 16×22ರ ಸುತ್ತಳತೆ 76 ಇಂಚು, ಅಂದರೆ 6 ಅಡಿ 4 ಇಂಚು. ಆದರೆ ಅಷ್ಟೇ ಪಟ್ಟಿ ತಂದರೆ ಫ್ರೇಮ್ ಕೂರಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮನೇಲಿ ಯಾವುದಾದರೂ ಹಳೇ ಫ್ರೇಮ್ ತೆಗೆದು ಒಂದೇ ಬದಿಯನ್ನ ಟೇಪಿನಲ್ಲಿ ಎರಡು ಸಲ ಅಳೆಯಿರಿ, ಒಮ್ಮೆ ಗಾಜಿನ ಕಡೆಯ ಒಳ ಅಂಚು, ಇನ್ನೊಮ್ಮೆ ಗೋಡೆ ಕಡೆಯ ಹೊರ ಅಂಚು. ಮೂಲೆಗಳನ್ನ 45 ಡಿಗ್ರಿಗೆ ಓರೆಯಾಗಿ ಕತ್ತರಿಸಿರುವುದರಿಂದ ಹೊರ ಅಂಚು ಉದ್ದ ಇರುತ್ತೆ, ಪಟ್ಟಿ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟು, ಪ್ರತಿ ತುದಿಗೂ. ಒಂದು ಫ್ರೇಮಿಗೆ ನಾಲ್ಕು ತುಂಡು, ಎಂಟು ತುದಿ. ಹಾಗಾಗಿ ನಾವು ಫ್ರೇಮಿನವರು ಹಾಕುವ ಲೆಕ್ಕ ಇಷ್ಟೇ: ಸುತ್ತಳತೆಗೆ ಪಟ್ಟಿಯ ಅಗಲದ ಎಂಟರಷ್ಟು ಕೂಡಿಸಿ. ನಿಮ್ಮದು ಒಂದೂವರೆ ಇಂಚಿನ ಪಟ್ಟಿ, ಎಂಟರಷ್ಟು ಅಂದರೆ 12 ಇಂಚು. 76ಕ್ಕೆ 12 ಸೇರಿ 88 ಇಂಚು, ಅಂದರೆ 7 ಅಡಿ 4 ಇಂಚು. ಅರ್ಧ ಅಡಿಗೆ ಸರಿ ಮಾಡಿ ಏಳೂವರೆ ಅಂತ ಹಿಡಿದಿದ್ದಾರೆ. 40ರಂತೆ 300.

ಗಾಜು ಕೂರೋಕೆ ಪಟ್ಟಿಯ ಒಳಗೆ ಕಾಲು ಇಂಚಿನಷ್ಟು ತೋಡು ಇರುತ್ತಲ್ಲ, ಅದನ್ನ ಕಳೆದರೆ ನಿಜವಾಗಿ 86 ಇಂಚು ಸಾಕು ಅಂತ ಯಾರಾದರೂ ವಾದ ಮಾಡಬಹುದು. ಮಾತು ಸರಿನೇ. ಆದರೆ ಆ 2 ಇಂಚು ಗರಗಸದ ಬಾಯಿಗೆ ಮತ್ತು ತುದಿ ನೀಟಾಗಿ ತೆಗೆಯೋಕೆ ಹೋಗಿಬಿಡುತ್ತೆ. ಅದನ್ನ ಉಳಿಸೋಕೆ ಹೋದ ಕೆಲಸಗಾರನ ಫ್ರೇಮಿನ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯುತ್ತೆ, ಆಮೇಲೆ ಅದಕ್ಕೆ ಮೇಣ ತುಂಬಬೇಕಾಗುತ್ತೆ.

ಇದರಲ್ಲೇ ಇನ್ನೊಂದು ವಿಷಯ ಇದೆ, ಬಹಳ ಜನ ಗಮನಿಸಲ್ಲ. ಪಟ್ಟಿ ಅಗಲ ಆದಷ್ಟೂ ಅಡಿಯ ರೇಟ್ ಮಾತ್ರ ಅಲ್ಲ, ಅಡಿಯ ಸಂಖ್ಯೆನೂ ಏರುತ್ತೆ. ಇದೇ ಫೋಟೊಗೆ 3 ಇಂಚಿನ ಪಟ್ಟಿ ಆರಿಸಿದ್ದರೆ 76ಕ್ಕೆ 24 ಸೇರಿ 100 ಇಂಚು, ಎಂಟೂವರೆ ಅಡಿ ಬಿಲ್ ಆಗುತ್ತಿತ್ತು. ಮುಕ್ಕಾಲು ಇಂಚಿನದಾದರೆ 7 ಅಡಿ ಸಾಕಿತ್ತು. 40 ಜನರ ಫೋಟೊದಲ್ಲಿ ಒಂದೊಂದು ಮುಖ ಅರ್ಧ ಇಂಚು ಇದ್ದರೆ ಜಾಸ್ತಿ. ಅದರ ಸುತ್ತ 3 ಇಂಚಿನ ಬಂಗಾರದ ಬಣ್ಣದ ಪಟ್ಟಿ ಬಂದರೆ ಕಣ್ಣು ಪಟ್ಟಿಗೆ ಹೋಗುತ್ತೆ, ಮುಖಕ್ಕೆ ಹೋಗಲ್ಲ. ನೀವು ಆರಿಸಿದ ಅಗಲ ಸರಿಯಾಗಿದೆ. ಒಂದು ಇಂಚಾದರೂ ನಡೆಯುತ್ತೆ.

ಈಗ ನಿಮಗೆ ಹೆಚ್ಚು ಬೇಜಾರಾಗಿರುವ ಗಾಜಿನ ವಿಷಯ. 16 ಇಂಟು 22 ಅಂದರೆ 352 ಚದರ ಇಂಚು, 144ರಿಂದ ಭಾಗಿಸಿದರೆ 2.44 ಚದರಡಿ. ಬಿಲ್ಲಿನಲ್ಲಿ 3 ಇದೆ. ಗಾಜಿನ ವ್ಯಾಪಾರದಲ್ಲಿ ಅಳತೆಯನ್ನ ಮುಂದಿನ 3 ಇಂಚಿಗೆ ಏರಿಸೋದು ವಾಡಿಕೆ, ಕೆಲವು ಕಡೆ 6 ಇಂಚಿಗೆ. ಹಾಗಾಗಿ 16 ಅನ್ನೋದು 18 ಆಯಿತು, 22 ಅನ್ನೋದು 24 ಆಯಿತು. 18×24 ಸರಿಯಾಗಿ 3 ಚದರಡಿ, 45ರಂತೆ 135. ಕತ್ತರಿಸಿದಾಗ ಉಳಿಯುವ 2 ಇಂಚಿನ ಗಾಜಿನ ಸೀಳು ಯಾರಿಗೂ ಬೇಕಾಗಲ್ಲ, ಕಸಕ್ಕೇ ಹೋಗುತ್ತೆ, ಅದರ ದುಡ್ಡು ಗಿರಾಕಿಯ ಲೆಕ್ಕಕ್ಕೆ. ಹಾರ್ಡ್‌ಬೋರ್ಡಿಗೂ ಇದೇ 3 ಚದರಡಿ ಹಿಡಿದಿದ್ದಾರೆ, 20ರಂತೆ 60.

ಮೌಂಟ್ ಬೋರ್ಡಿನದು ಬೇರೆ ಥರ. ಅದು ಚದರಡಿಗಲ್ಲ, ಒಂದು ಹಾಳೆಯಲ್ಲಿ ಎಷ್ಟು ತುಂಡು ಬರುತ್ತೆ ಅನ್ನೋದರ ಮೇಲೆ. ದೊಡ್ಡ ಹಾಳೆ 32×40 ಇಂಚಿನದು. ಅದರಲ್ಲಿ 16×22ರ ಎರಡು ತುಂಡು ಒಂದರ ಕೆಳಗೆ ಒಂದು ತೆಗೆದರೆ ಪಕ್ಕದಲ್ಲಿ 18×32 ಉಳಿಯುತ್ತೆ, ಅದನ್ನ ತಿರುಗಿಸಿ ಇಟ್ಟರೆ ಮೂರನೇ ತುಂಡು ಸಿಗುತ್ತೆ. ಹಾಳೆ 450 ಅಂತ ಹಿಡಿದರೆ ತುಂಡಿಗೆ 150, ನಿಮ್ಮ ಬಿಲ್ಲಿನಲ್ಲಿರುವುದೂ ಅದೇ. ಫೋಟೊ ಕಾಣಲು ನಡುವೆ ಕತ್ತರಿಸಿ ತೆಗೆಯುವ ಕಿಟಕಿಯ ತುಂಡಿಗೂ ದುಡ್ಡು ಕೊಡಬೇಕಾ ಅಂತ ಕೇಳ್ತಾರೆ. ಹೌದು, ಕೊಡಬೇಕು. ಬೇಕಿದ್ದರೆ ಆ ತುಂಡನ್ನ ಕೇಳಿ ತಗೊಳ್ಳಿ, ಸಣ್ಣ ಫೋಟೊಗೆ ಮೌಂಟ್ ಆಗುತ್ತೆ.

ಹತ್ತು ಗೆಳೆಯರಿಗೆ ಮಾಡಿಸುವ ಮೊದಲು ಅಂಚಿನ ಅಳತೆ ಇಲ್ಲೇ ತೀರ್ಮಾನ ಮಾಡಿ, ದುಡ್ಡು ಏರೋದು ಇಳಿಯೋದು ಅದರಲ್ಲೇ. 2 ಇಂಚಿನ ಬದಲು 3 ಇಂಚು ಅಂಚು ಬಿಟ್ಟರೆ ಅಳತೆ 18×24 ಆಗುತ್ತೆ. ಗಾಜಿಗೆ, ಹಾರ್ಡ್‌ಬೋರ್ಡಿಗೆ ಒಂದು ರೂಪಾಯಿಯೂ ಜಾಸ್ತಿ ಇಲ್ಲ, ಯಾಕಂದರೆ ಅಷ್ಟಕ್ಕೆ ಈಗಾಗಲೇ ಕೊಡ್ತಿದ್ದೀರಿ. ಮೋಲ್ಡಿಂಗ್ 8 ಅಡಿ ಆಗುತ್ತೆ, 20 ರೂಪಾಯಿ ಹೆಚ್ಚು. ಆದರೆ ಬೋರ್ಡಿನ ಹಾಳೆಯಲ್ಲಿ ಮೂರರ ಬದಲು ಎರಡೇ ತುಂಡು ಬರುತ್ತೆ, ಅಲ್ಲಿ 75 ಹೆಚ್ಚು. ಒಟ್ಟು 860. ಚಂದ ಕಾಣುತ್ತೆ ಅಂತ ಇನ್ನೂ ಕಾಲು ಇಂಚು ಸೇರಿಸಿದಿರೋ, ಅಳತೆ 18.5×24.5 ಆಗಿ ಗಾಜು 21×27ಕ್ಕೆ ಜಿಗಿಯುತ್ತೆ, ಹೆಚ್ಚುಕಡಿಮೆ 4 ಚದರಡಿ. ಬರೀ ಕಾಲು ಇಂಚಿಗೆ ಗಾಜಿನಲ್ಲೇ 42 ರೂಪಾಯಿ ಹೋಗುತ್ತೆ. ನನ್ನನ್ನ ಕೇಳಿದರೆ 12×18ರ ಗ್ರೂಪ್ ಫೋಟೊಗೆ 2 ಇಂಚು ಸಾಕು.

ಮೌಂಟೇ ಬೇಡ, ನೇರ ಫ್ರೇಮ್ ಹಾಕಿ ಅಂದರೆ? ಮೋಲ್ಡಿಂಗ್ 6 ಅಡಿ 240, ಗಾಜು ಒಂದೂವರೆ ಚದರಡಿ 68, ಹಾರ್ಡ್‌ಬೋರ್ಡ್ 30, ಕೂಲಿ ಅದೇ 120 ಅಂತ ಹಿಡಿದರೂ 458. ಸುಮಾರು 300 ಉಳಿಯುತ್ತೆ ನಿಜ. ಆದರೂ ನಾನು ಬೇಡ ಅನ್ನುತ್ತೇನೆ. ಮೌಂಟ್ ಬೋರ್ಡ್ ಬರೀ ಚಂದಕ್ಕಲ್ಲ, ಫೋಟೊಗೂ ಗಾಜಿಗೂ ನಡುವೆ ಒಂದು ಒಂದೂವರೆ ಮಿಲಿಮೀಟರ್ ಜಾಗ ಬಿಡೋದು ಅದೇ. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತರೆ ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತೆ. ಮಲೆನಾಡಿನ ಒಬ್ಬರು ಮನೆಯ ಹಳೇ ಮದುವೆ ಗ್ರೂಪ್ ಫೋಟೊ ತಂದಿದ್ದರು, ಗಾಜು ಬದಲಾಯಿಸಿ ಸಾಕು ಅಂತ. ಬಿಚ್ಚಿ ನೋಡಿದರೆ ಬಲಗಡೆ ನಿಂತ ಮೂವರ ಮುಖ ಗಾಜಿಗೇ ಅಂಟಿತ್ತು, ಓರೆಯಾಗಿ ಹಿಡಿದಾಗ ಆ ಜಾಗ ಒದ್ದೆಯಾದ ಹಾಗೆ ಹೊಳೆಯುತ್ತಿತ್ತು. ಎಳೆದಿದ್ದರೆ ಮುಖ ಕಿತ್ತು ಬರುತ್ತಿತ್ತು. ಹಾಗೇ ಗಾಜು ಸಮೇತ ಅದನ್ನ ಕ್ಯಾಮೆರಾದಲ್ಲಿ ಫೋಟೊ ತೆಗೆದು ಹೊಸ ಪ್ರಿಂಟ್ ಹಾಕಿಸಿದೆವು, ಮೂಲ ಫೋಟೊ ಇವತ್ತಿಗೂ ಆ ಗಾಜಿನ ಮೇಲೇ ಇದೆ. ಮೌಂಟ್ ಬೇಡವೇ ಬೇಡ ಅಂದರೆ, ಗಾಜಿನ ಅಂಚಿಗೆ ತೆಳು ಪಟ್ಟಿ ಕೊಟ್ಟು ಸ್ವಲ್ಪ ಜಾಗ ಬಿಟ್ಟು ಕೂರಿಸಲು ಹೇಳಿ.

ಕೆಳಗಿನ ಹೆಸರುಗಳ ಬಗ್ಗೆ ಇವತ್ತೇ ಅಂಗಡಿಗೆ ಫೋನ್ ಮಾಡಿ. ಫೋಟೊ ಜಾರಬಾರದು ಅಂತ ಬೋರ್ಡಿನ ಕಿಟಕಿಯನ್ನ ಫೋಟೊಗಿಂತ ಪ್ರತಿ ಬದಿಗೆ ಕಾಲು ಇಂಚು ಚಿಕ್ಕದಾಗಿ ಕತ್ತರಿಸ್ತಾರೆ, ಅಂದರೆ ನಿಮ್ಮದರಲ್ಲಿ ಕಾಣೋದು 11.5×17.5 ಮಾತ್ರ. ಕೊನೇ ಸಾಲಿನ ಹೆಸರುಗಳು ಫೋಟೊದ ಅಂಚಿಗೆ ಕಾಲು ಇಂಚಿಗಿಂತ ಹತ್ತಿರ ಇದ್ದರೆ ಬೋರ್ಡಿನ ಅಡಿಗೆ ಹೋಗಿಬಿಡುತ್ತೆ. ಸ್ಕೇಲ್ ಇಟ್ಟು ನೋಡಿ. ಹತ್ತಿರ ಇದ್ದರೆ ಕೆಳಬದಿಯಲ್ಲಿ ಆ ಕಾಲು ಇಂಚಿನ ಅರ್ಧ ಮಾತ್ರ ಮುಚ್ಚಲು ಹೇಳಿ. ಉಳಿದ ಹತ್ತು ಪ್ರಿಂಟಿಗೆ ಸ್ಟುಡಿಯೋದವರ ಹತ್ತಿರ ಫೋಟೊ ಸ್ವಲ್ಪ ಚಿಕ್ಕದು ಮಾಡಿ ಸುತ್ತ ಅರ್ಧ ಇಂಚು ಬಿಳಿ ಬಿಡಲು ಹೇಳಿ, ಆಗ ಈ ತಲೆನೋವೇ ಇರಲ್ಲ. ಕಿಟಕಿ ಚಿಕ್ಕದಾದರೆ ಮತ್ತೆ ಕತ್ತರಿಸಬಹುದು, ದೊಡ್ಡದಾದರೆ ಹೊಸ ಬೋರ್ಡೇ ಬೇಕು.

ಅಂಗಡಿಯವರು ನಾನ್ ರಿಫ್ಲೆಕ್ಟಿವ್ ಗಾಜು ಹಾಕಲಾ ಅಂತ ಕೇಳಬಹುದು, ರೇಟ್ ಜಾಸ್ತಿ ಇರುತ್ತೆ. ತೋರಿಸೋದು ಮಂಜು ಹಿಡಿದ ಹಾಗಿರುವ ಮ್ಯಾಟ್ ಗಾಜಾದರೆ ಬೇಡ ಅನ್ನಿ. ಅದು ಫೋಟೊಗೆ ತಾಗಿದ್ದಾಗ ಸ್ಪಷ್ಟ ಕಾಣುತ್ತೆ, ಮೌಂಟ್ ಬೋರ್ಡಿನಷ್ಟು ದೂರ ಆದ ಕೂಡಲೇ ಮಸುಕಾಗುತ್ತೆ, ಅರ್ಧ ಇಂಚಿನ ಮುಖಗಳಲ್ಲಿ ಕಣ್ಣು ಮೂಗೇ ಕರಗಿದ ಹಾಗಿರುತ್ತೆ. ಸಾದಾ ಗಾಜು ಹಾಕಿಸಿ, ಕಿಟಕಿಗೆ ಎದುರಿನ ಗೋಡೆ ಬಿಟ್ಟು ಪಕ್ಕದ ಗೋಡೆಗೆ ನೇತು ಹಾಕಿ.

ಹತ್ತು ಫ್ರೇಮ್ ಒಟ್ಟಿಗೆ ಕೊಡುವಾಗ ರೇಟ್ ಇಳಿಸಿ ಅಂತ ಸುಮ್ನೆ ಚೌಕಾಸಿ ಮಾಡಬೇಡಿ, ಎಲ್ಲಿ ಉಳಿಯುತ್ತೋ ಅಲ್ಲಿ ಕೇಳಿ. ಈ ಫೋಟೊ ಅಳತೆ ಒಂದೇ ಆದ್ದರಿಂದ ಗರಗಸ ಒಮ್ಮೆ ಹೊಂದಿಸಿದರೆ ಮುಗೀತು, ಕೂಲಿಯಲ್ಲಿ ಕಡಿಮೆ ಮಾಡೋಕೆ ಅವರಿಗೂ ಆಗುತ್ತೆ. ಬೋರ್ಡ್ 9 ತುಂಡಿಗೆ 3 ಹಾಳೆ ಸಾಕು, ಹತ್ತನೇ ತುಂಡಿಗೆ ನಾಲ್ಕನೇ ಹಾಳೆ ಒಡೆಯಬೇಕು. ನಿಮ್ಮ ಗುಂಪಿನಲ್ಲಿ ಇನ್ನಿಬ್ಬರು ಸೇರಿ ಹನ್ನೆರಡಾದರೆ ಆ ಹಾಳೆಯೂ ಪೂರ್ತಿ ಬಳಕೆಯಾಗುತ್ತೆ.