ಎಲ್ಲ ಗುರುತೂ ಒಟ್ಟಿಗೆ ಕಾಣುವ ನೋಟು

*ನಮ್ಮದು ತೀರ್ಥಹಳ್ಳಿ ಹತ್ತಿರ ಸಣ್ಣ ದಿನಸಿ ಅಂಗಡಿ. ಎರಡು 500ರ ನೋಟಿನ ಫೋಟೋ ಕಳಿಸಿದ್ದೇನೆ. ಮಗಳು ಒಂದೊಂದಕ್ಕೂ ಎರಡೆರಡು ಫೋಟೋ ತೆಗೆದಿದ್ದಾಳೆ, ಒಂದು ಮೇಜಿನ ಮೇಲಿಟ್ಟು, ಇನ್ನೊಂದು ಓರೆ ಹಿಡಿದು. ಮೊದಲನೆಯ ನೋಟಿನಲ್ಲಿ ಹಸಿರು ದಾರ ಗಾಂಧೀಜಿ ಚಿತ್ರಕ್ಕೆ ತೀರಾ ಹತ್ತಿರ ಇದೆ. ಅಂಥದ್ದು ಖೋಟಾ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಎರಡನೆಯದು ಗರಿಗರಿಯಾಗಿದೆ, ಗುರುತುಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದನ್ನು ಏನು ಮಾಡಲಿ? ಫೋಟೋ ನೋಡಿ ಹೇಳೋಕಾಗುತ್ತಾ?*
*— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು*

ಮೊದಲನೆಯ ನೋಟಿನ ಬಗ್ಗೆ ಹೆದರಬೇಡಿ. ಫೋಟೋದಲ್ಲಿ ಕಾಣುವ ಮಟ್ಟಿಗೆ ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಅನುಮಾನ ಬಂದಿರುವುದು ನೀವು ಚೆನ್ನಾಗಿದೆ ಎಂದ ಎರಡನೆಯದರ ಮೇಲೆ.

ದಾರದ ವಿಷಯ ಮೊದಲು ಮುಗಿಸುತ್ತೇನೆ. ಆ ಸಂದೇಶ ನನಗೂ ಬಂದಿತ್ತು. ದಾರ ಗವರ್ನರ್ ಸಹಿಯ ಕಡೆಗಿದ್ದರೆ ಒಳ್ಳೆಯದು, ಗಾಂಧೀಜಿ ಕಡೆಗಿದ್ದರೆ ಖೋಟಾ ಎನ್ನುವುದು ಶುದ್ಧ ಸುಳ್ಳು. ಎರಡೂ ಚಲಾವಣೆಯಲ್ಲಿರುವ ನೋಟುಗಳೇ ಎಂದು ಸರ್ಕಾರದ ಕಡೆಯಿಂದಲೇ ಸ್ಪಷ್ಟನೆ ಬಂದಿದೆ. ದಾರವನ್ನು ನೋಟು ಅಚ್ಚು ಹಾಕುವಾಗ ಅಂಟಿಸುವುದಿಲ್ಲ. ಅದಕ್ಕೂ ಮೊದಲು, ಕಾಗದ ಇನ್ನೂ ಹಸಿಯಾಗಿರುವಾಗಲೇ ಅದರೊಳಗೆ ಸೇರಿಸುತ್ತಾರೆ. ಆಮೇಲೆ ಅಚ್ಚು, ಆಮೇಲೆ ಕತ್ತರಿಸುವುದು. ಹಾಗಾಗಿ ಒಂದು ನೋಟಿನಿಂದ ಇನ್ನೊಂದಕ್ಕೆ ದಾರ ಕೆಲವು ಮಿಲಿಮೀಟರ್ ಆಚೀಚೆ ಆಗುವುದು ಸಹಜ. ಎಲ್ಲ ನೋಟಿನಲ್ಲೂ ದಾರ ಒಂದೇ ಗೆರೆಗೆ ಬಂದರೆ ಕಂತೆ ಕಟ್ಟಿದಾಗ ಆ ಜಾಗ ಉಬ್ಬಿಕೊಳ್ಳುತ್ತದೆ. ಅದಕ್ಕೇ ದಾರ ಎಲ್ಲಿದೆ ಅಂತ ಅಳೆಯಬೇಡಿ. ಅದು ಏನು ಮಾಡುತ್ತದೆ ಅಂತ ನೋಡಿ.

‘ಏನು ಮಾಡುತ್ತದೆ’ ಅಂದೆನಲ್ಲ, ಇಡೀ ವಿಷಯ ಇರುವುದೇ ಅಲ್ಲಿ. ಖೋಟಾ ನೋಟು ಮಾಡುವವನು ಒಂದು ಒಳ್ಳೆಯ ನೋಟನ್ನು ಸ್ಕ್ಯಾನರ್ ಮೇಲೆ ಇಡುತ್ತಾನೆ. ಸ್ಕ್ಯಾನರ್ ಅದನ್ನು ನೇರವಾಗಿ, ಒಂದೇ ಬೆಳಕಿನಲ್ಲಿ, ಒಂದೇ ಸಲ ನೋಡುತ್ತದೆ. ಅಸಲಿ ನೋಟಿನ ಗುರುತುಗಳು ಹಾಗೆ ಒಂದೇ ಸಲಕ್ಕೆ ಸಿಗುವುದಿಲ್ಲ. ಕೆಲವು ಓರೆ ಮಾಡಿದಾಗ ಬರುತ್ತವೆ, ಕೆಲವು ಬೆಳಕಿಗೆ ಹಿಡಿದಾಗ ಬರುತ್ತವೆ, ಕೆಲವು ಬೆರಳಿಗೆ ಮಾತ್ರ ಗೊತ್ತಾಗುತ್ತವೆ. ಸ್ಕ್ಯಾನಿಗೆ ಸಿಗದ್ದನ್ನು ನಕಲು ಮಾಡುವವನು ಕೈಯಾರೆ ಬರೆದು ಸೇರಿಸುತ್ತಾನೆ. ಹಾಗಾಗಿ ಕಳಪೆ ನಕಲಿನಲ್ಲಿ ಎಲ್ಲವೂ ಯಾವಾಗಲೂ ಕಾಣುತ್ತವೆ. ಫೋಟೋ ನೋಡುವಾಗ ‘ಯಾವ ಗುರುತು ಇಲ್ಲ’ ಎಂದು ಹುಡುಕುವುದಕ್ಕಿಂತ ‘ಈಗ ಕಾಣಬಾರದ್ದು ಯಾವುದು ಕಾಣುತ್ತಿದೆ’ ಎಂದು ಹುಡುಕಿದರೆ ಬೇಗ ಸಿಗುತ್ತದೆ.

ನಿಮ್ಮ ಎರಡನೆಯ ನೋಟಿನ ಮೇಜಿನ ಮೇಲಿನ ಫೋಟೋವನ್ನೇ ತೆಗೆದುಕೊಳ್ಳಿ. ಬಲಗಡೆ ಖಾಲಿ ಬಿಟ್ಟ ಬಿಳಿ ಜಾಗದಲ್ಲಿ ಗಾಂಧೀಜಿಯ ಮುಖ, ಪಕ್ಕದಲ್ಲಿ 500 ಅಂಕಿ, ಎರಡೂ ಬೂದು ಬಣ್ಣದಲ್ಲಿ ಎದ್ದು ಕಾಣುತ್ತಿವೆ. ನೀವು ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಿರಿ. ನನಗೆ ಅನುಮಾನ ಶುರುವಾದದ್ದೇ ಅಲ್ಲಿ. ಅದು ವಾಟರ್‌ಮಾರ್ಕ್ ಇರುವ ಜಾಗ. ಅಸಲಿ ವಾಟರ್‌ಮಾರ್ಕಿಗೆ ಶಾಯಿಯೇ ಇಲ್ಲ. ಕಾಗದ ಮಾಡುವಾಗ ಹತ್ತಿಯ ನಾರು ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು ಕೂರುವ ಹಾಗೆ ಮಾಡುತ್ತಾರೆ. ಬೆಳಕು ಹಿಂದಿನಿಂದ ಹಾದು ಬಂದಾಗ ದಪ್ಪ ಜಾಗ ಕಪ್ಪಾಗಿ, ತೆಳು ಜಾಗ ಬೆಳ್ಳಗೆ ಕಂಡು ಮುಖ ಮೂಡುತ್ತದೆ. ಮೇಜಿನ ಮೇಲೆ ಮಲಗಿಸಿದ ನೋಟಿಗೆ ಹಿಂದಿನಿಂದ ಬೆಳಕು ಎಲ್ಲಿಂದ ಬರಬೇಕು? ಆಗ ಆ ಜಾಗ ಹೆಚ್ಚುಕಡಿಮೆ ಖಾಲಿಯಾಗಿಯೇ ಇರಬೇಕು, ತೀರಾ ಹತ್ತಿರದಿಂದ ನೋಡಿದರೆ ಒಂದು ಸಣ್ಣ ನೆರಳು ಕಂಡೀತು. ನಿಮ್ಮ ಮೊದಲನೆಯ ನೋಟಿನಲ್ಲಿ ಅದು ಖಾಲಿಯಾಗಿಯೇ ಇದೆ.

ಇನ್ನು ಓರೆ ಹಿಡಿದ ಫೋಟೋಗಳು. ಮಗಳಿಗೆ ಹಾಗೆ ತೆಗೆಯಬೇಕು ಅಂತ ಹೊಳೆದದ್ದು ಬಹಳ ಒಳ್ಳೆಯದಾಯಿತು. ಈಗಿನ 500ರ ನೋಟಿನಲ್ಲಿ ಬಣ್ಣ ಬದಲಿಸುವ ಜಾಗ ಎರಡು. ಒಂದು ದಾರ. ಇನ್ನೊಂದು ಕೆಳಗೆ ಬಲಗಡೆ ರೂಪಾಯಿ ಚಿಹ್ನೆಯ ಜೊತೆ ಇರುವ 500. ನೇರ ನೋಡಿದರೆ ಎರಡೂ ಹಸಿರು, ಓರೆ ಮಾಡಿದರೆ ಎರಡೂ ನೀಲಿ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದರೆ ನಾವು ನಡೆದ ಹಾಗೆ ಬಣ್ಣ ಬದಲಾಗುವುದನ್ನು ನೋಡಿದ್ದೀರಲ್ವಾ? ಹೆಚ್ಚುಕಡಿಮೆ ಅದೇ ಕೆಲಸ ಇಲ್ಲೂ ನಡೆಯುತ್ತದೆ. ಬಣ್ಣ ಹುಟ್ಟುವುದು ಬಹಳ ತೆಳುವಾದ ಪದರಗಳಿಂದ ಬೆಳಕು ಹಿಂದಿರುಗುವ ರೀತಿಯಿಂದ. ಮನೆ ಅಥವಾ ಝೆರಾಕ್ಸ್ ಅಂಗಡಿಯ ಪ್ರಿಂಟರಿನಲ್ಲಿ ಆ ಶಾಯಿ ಇರುವುದಿಲ್ಲ. ನಿಮ್ಮ ಮೊದಲನೆಯ ನೋಟಿನಲ್ಲಿ ದಾರವೂ ಅಂಕಿಯೂ ಓರೆ ಫೋಟೋದಲ್ಲಿ ನೀಲಿಗೆ ತಿರುಗಿವೆ. ಎರಡನೆಯದರಲ್ಲಿ ಅಂಕಿ ಎರಡೂ ಫೋಟೋದಲ್ಲಿ ಒಂದೇ ಹಸಿರು. ದಾರ ಮಾತ್ರ ಸ್ವಲ್ಪ ಮಿನುಗಿದೆ. ಆದರೆ ಮಿನುಗುವುದೇ ಬೇರೆ, ಬಣ್ಣ ಬದಲಾಗುವುದೇ ಬೇರೆ. ಹೊಳೆಯುವ ಹಸಿರು ಪಟ್ಟಿಯನ್ನು ಮೇಲಿನಿಂದ ಅಂಟಿಸಿದರೂ ಅಷ್ಟು ಮಿನುಗು ಬರುತ್ತದೆ. ಅಸಲಿ ದಾರ ಮುಂಭಾಗದಲ್ಲಿ ತುಂಡು ತುಂಡಾಗಿ ಹೊರಗೆ ಇಣುಕುತ್ತದೆ. ಕಿಟಕಿಗೆ ಹಿಡಿದರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಕಪ್ಪು ಗೆರೆಯಾಗಿ ಕಾಣುತ್ತದೆ. ಅದರ ಮೇಲೆ ಹಿಂದಿಯಲ್ಲಿ ‘ಭಾರತ್’ ಎಂದೂ ಇಂಗ್ಲಿಷಿನಲ್ಲಿ ‘ಆರ್‌ಬಿಐ’ ಎಂದೂ ಇರುತ್ತದೆ.

ಗಾಂಧೀಜಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ, ಆದರೆ ಅಲ್ಲಿ ಫೋಟೋ ನನ್ನ ಕೈಕೊಟ್ಟಿತು. ವಾಟ್ಸಾಪಿನಲ್ಲಿ ಫೋಟೋ ಸುಮ್ನೆ ಹಾಗೇ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ. ಮೊದಲು ಅಳಿಸಿಹೋಗುವುದು ನಮಗೆ ಬೇಕಾದ ಸಣ್ಣ ಗೆರೆಗಳೇ. ಮಗಳಿಗೆ ಹೀಗೆ ಮಾಡಲು ಹೇಳಿ. ಬೆಳಗ್ಗೆ ಹತ್ತು ಗಂಟೆ ಸುಮಾರಿಗೆ, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ, ನೋಟನ್ನು ಕಪ್ಪು ಬಟ್ಟೆಯ ಮೇಲೆ ಇಡಲಿ. ಫ್ಲ್ಯಾಶ್ ಬೇಡ, ಅದು ಬಣ್ಣವನ್ನೂ ಗೆರೆಯನ್ನೂ ಬಿಳಿಚಿಸುತ್ತದೆ. ಗಾಂಧೀಜಿಯ ಕನ್ನಡಕದ ಹತ್ತಿರ ಫೋನನ್ನು ಸ್ಪಷ್ಟವಾಗಿ ಕಾಣುವಷ್ಟು ಮಾತ್ರ ಹತ್ತಿರ ತಂದು ಒಂದು ಫೋಟೋ ತೆಗೆಯಲಿ. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲಿ, ಆಗ ಫೈಲು ಕುಗ್ಗುವುದಿಲ್ಲ.

ಆ ಫೋಟೋದಲ್ಲಿ ಏನು ನೋಡಬೇಕು? ಅಸಲಿ ನೋಟಿನಲ್ಲಿ ಗಾಂಧೀಜಿಯ ಮುಖ ಗೆರೆಗಳಿಂದ ಆಗಿರುತ್ತದೆ. ಕೆನ್ನೆಯ ನೆರಳೂ ಗೆರೆ, ಹಣೆಯ ಸುಕ್ಕೂ ಗೆರೆ. ಪ್ರತಿ ಗೆರೆಗೂ ಚೂಪಾದ ಅಂಚಿರುತ್ತದೆ. ಕೆತ್ತಿದ ಲೋಹದ ತಟ್ಟೆಗೆ ಶಾಯಿ ತುಂಬಿ, ಭಾರೀ ಒತ್ತಡದಲ್ಲಿ ಕಾಗದಕ್ಕೆ ಒತ್ತಿರುವುದರಿಂದ ಹಾಗೆ ಬರುತ್ತದೆ. ಪ್ರಿಂಟರಿಗೆ ಬೂದು ಬಣ್ಣ ಬೇಕಾದರೂ ಅದು ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳನ್ನು ಬೆರೆಸಿಯೇ ಮಾಡಬೇಕು. ಹತ್ತಿರದಿಂದ ನೋಡಿದರೆ ರಾಗಿ ಚೆಲ್ಲಿದ ಹಾಗೆ ಚುಕ್ಕೆಗಳು ಕಾಣುತ್ತವೆ. ನಿಮ್ಮ ಅಂಗಡಿಯಲ್ಲಿ ಭೂತಗನ್ನಡಿ ಇದ್ದರೆ ಫೋಟೋ ಕೂಡ ಬೇಡ. ಗೆರೆಯೋ ಚುಕ್ಕೆಯೋ ಅಂತ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ನೋಟಿನ ನಂಬರನ್ನೂ ಒಮ್ಮೆ ನೋಡಿ. ಮೊದಲ ಮೂರು ಅಂಕಿ-ಅಕ್ಷರಗಳು ಒಂದೇ ಗಾತ್ರದಲ್ಲಿದ್ದು, ನಂತರದ ಅಂಕಿಗಳು ಚಿಕ್ಕದರಿಂದ ದೊಡ್ಡದಾಗುತ್ತಾ ಹೋಗಬೇಕು. ನಿಮ್ಮ ಎರಡೂ ನೋಟುಗಳಲ್ಲಿ ಹಾಗೇ ಇದೆ. ಆದರೆ ಇದನ್ನು ನಕಲು ಮಾಡುವುದು ಸುಲಭ. ಹಾಗಾಗಿ ಇದೊಂದನ್ನೇ ನಂಬಿ ಸಮಾಧಾನಪಡಬೇಡಿ. ನಂಬರಿನ ನಡುವೆ ನಕ್ಷತ್ರ ಚಿಹ್ನೆ ಇದ್ದರೆ ಅದು ಖೋಟಾ ಎನ್ನುವ ಗಾಳಿಸುದ್ದಿಯೂ 2023ರಲ್ಲಿ ಹಬ್ಬಿತ್ತು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕಿದ ನೋಟಿಗೆ ಆ ಚಿಹ್ನೆ ಇರುತ್ತದೆ, ಅದು ಪೂರ್ತಿ ಅಸಲಿ.

ನಮ್ಮ ಮಲೆನಾಡಿನವರಿಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ನೋಟು ನೆನೆಯುತ್ತದೆ. ಅಡಿಕೆ ಕೊಯ್ಲಿನ ಕೂಲಿ ದುಡ್ಡು ಬೆವರಿನ ಜೇಬಿನಲ್ಲಿ, ಆಷಾಢದ ದುಡ್ಡು ಒದ್ದೆ ಸೆರಗಿನ ಗಂಟಿನಲ್ಲಿ. ನೆನೆದು ಒಣಗಿದ ನೋಟು ಮೆತ್ತಗಾಗುತ್ತದೆ. ಗಾಂಧೀಜಿ ಚಿತ್ರ, ಅಶೋಕ ಸ್ತಂಭ, ಎರಡೂ ಅಂಚಿನ ಐದೈದು ಗೆರೆಗಳು ಬೆರಳಿಗೆ ತಾಗುವುದು ಕಡಿಮೆಯಾಗುತ್ತದೆ. ನೀಲಿ ಬೆಳಕಿನ ಯುವಿ ಟಾರ್ಚ್ ಕೂಡ ಇಲ್ಲಿ ಮೋಸ ಮಾಡಬಹುದು. ನೋಟಿನ ಕಾಗದ ಆ ಬೆಳಕಿನಲ್ಲಿ ಮಂಕಾಗಿರಬೇಕು, ನಂಬರ್, ಕಾಗದದೊಳಗಿನ ಸಣ್ಣ ನಾರುಗಳಂಥ ಕೆಲವು ಗುರುತುಗಳು ಮಾತ್ರ ಹೊಳೆಯಬೇಕು. ಝೆರಾಕ್ಸ್ ಕಾಗದವಾದರೆ ಪೂರ್ತಿ ನೀಲಿಯಾಗಿ ಹೊಳೆಯುತ್ತದೆ. ಆದರೆ ಅಂಗಿಯ ಜೊತೆ ಒಗೆದ ಅಸಲಿ ನೋಟೂ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿ ಬಟ್ಟೆಯನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ ಇರುತ್ತದೆ, ಅದು ನೋಟಿಗೂ ಹತ್ತುತ್ತದೆ.

ಇದು ಗೊತ್ತಿಲ್ಲದೆ ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಪತ್ರಿಕೆಯ ಮಳಿಗೆಗೆ ಬಂದ ಒಬ್ಬ ಅಜ್ಜಿಯ ನೋಟು ಟಾರ್ಚಿನಲ್ಲಿ ಹೊಳೆಯಿತು ಅಂತ ವಾಪಸ್ ಕೊಟ್ಟುಬಿಟ್ಟೆ. ಜನರೆದುರು ಆ ಅಜ್ಜಿ ತಲೆ ತಗ್ಗಿಸಿ ಹೋದರು. ನೋಟನ್ನು ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೋಡಿದ್ದರೆ ಸಾಕಿತ್ತು. ಅದು ತೊಳೆದರೂ ಹೋಗುವುದಿಲ್ಲ, ಯಾಕೆಂದರೆ ಅದು ಕಾಗದದ ಒಳಗೇ ಇದೆ. ಅವತ್ತಿನಿಂದ ನಾನು ಒಂದೇ ಗುರುತು ನೋಡಿ ಯಾವ ನೋಟನ್ನೂ ಖೋಟಾ ಅನ್ನುವುದಿಲ್ಲ.

ಅದಕ್ಕೇ ನಿಮ್ಮ ಎರಡನೆಯ ನೋಟಿಗೂ ಫೋಟೋ ನೋಡಿ ಕೊನೆಯ ತೀರ್ಪು ಕೊಡಲಾರೆ. ಎರಡು ಗುರುತು ತಪ್ಪಿವೆ, ಅನುಮಾನ ಬಲವಾಗಿದೆ, ಅಷ್ಟು ಹೇಳಬಲ್ಲೆ. ನೀವೇ ಅದನ್ನು ಕಿಟಕಿಗೆ ಹಿಡಿದು ನೋಡಿ. ಎಡಗಡೆ ಒಂದು 500 ಅಂಕಿ ಅರ್ಧ ಮುಂದೆ, ಅರ್ಧ ಹಿಂದೆ ಅಚ್ಚಾಗಿರುತ್ತದೆ. ಬೆಳಕಿನಲ್ಲಿ ಎರಡೂ ಸೇರಿ ಪೂರ್ತಿ ಅಂಕಿಯಾಗಬೇಕು. ಎರಡು ಬದಿಯನ್ನು ಬೇರೆ ಬೇರೆ ಪ್ರಿಂಟ್ ತೆಗೆದವನಿಗೆ ಅದು ಒಂದೆರಡು ಮಿಲಿಮೀಟರಾದರೂ ಜಾರುತ್ತದೆ. ಅಲ್ಲೂ ತಪ್ಪಿದ್ದರೆ ನೋಟನ್ನು ಬ್ಯಾಂಕಿಗೆ ಕೊಡಿ.

ಬೇರೆಯವರಿಗೆ ದಾಟಿಸಬೇಡಿ. ಖೋಟಾ ಎಂದು ಗೊತ್ತಿದ್ದೂ ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ನೋಟಿನ ಹಾಗೆ ಕಾಣುವ ಚಿತ್ರ ಅಚ್ಚು ಹಾಕುವುದಕ್ಕೂ ಕಾನೂನಿನ ತಡೆ ಇದೆ. ಹಾಗಾಗಿ ನಿಮ್ಮ ಫೋಟೋಗಳನ್ನು ಇಲ್ಲಿ ಹಾಕಿಲ್ಲ. ಬ್ಯಾಂಕಿನಲ್ಲಿ ಖೋಟಾ ಎಂದಾದರೆ ನಿಮ್ಮೆದುರೇ ಅದರ ಮೇಲೆ ಮೊಹರು ಹಾಕಿ ಇಟ್ಟುಕೊಳ್ಳುತ್ತಾರೆ. ವಾಪಸ್ ಕೊಡುವುದಿಲ್ಲ, ಬದಲಿ ಹಣವೂ ಸಿಗುವುದಿಲ್ಲ. ಐನೂರು ರೂಪಾಯಿ ಹೋಯಿತಲ್ಲ ಎಂದು ಬೇಸರವಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಪೊಲೀಸರ ಭಯ ಬೇಡ. ಒಂದೇ ಸಲಕ್ಕೆ ನಾಲ್ಕು ನೋಟಿನವರೆಗೆ ಸಿಕ್ಕರೆ ಬ್ಯಾಂಕಿನವರು ತಿಂಗಳ ಕೊನೆಗೆ ಒಟ್ಟು ವರದಿ ಕಳಿಸುತ್ತಾರೆ. ಐದು ಅಥವಾ ಜಾಸ್ತಿ ಸಿಕ್ಕಾಗ ಮಾತ್ರ ಆಗಲೇ ದೂರು ದಾಖಲಾಗುತ್ತದೆ. ನೋಟಿನ ನಂಬರ್ ಬರೆದ ಸ್ವೀಕೃತಿ ರಸೀದಿ ಕೊಡಬೇಕಾದದ್ದು ಅವರ ಕರ್ತವ್ಯ. ಕೇಳಿ ಪಡೆದುಕೊಳ್ಳಿ.

ಹಸಿರು ದಾರ ಹತ್ತಿರ ಇರುವ ಆ ಮೊದಲನೆಯ ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕಿ.